ರೋಖು ಎಂದೆಣಿಸಿದ್ದು ಉದ್ರಿಯಾಗುವ ಬಗೆ: ಸ್ಕ್ಯಾನ್ ಸಂದಾಯದಲ್ಲಿ ಕ್ರೆಡಿಟ್ ಕಾರ್ಡು

ಅಣ್ಣಿಗೇರಿಯ ಪೇಟೆಯಲ್ಲಿ ವ್ಯಾಪಾರವನ್ನು ಬಹುಕಾಲದಿಂದ ಎರಡು ಮಾತುಗಳಲ್ಲಿ ವಿಂಗಡಿಸುತ್ತ ಬಂದಿದ್ದಾರೆ: ರೋಖು ಮತ್ತು ಉದ್ರಿ. ಕೈಯಲ್ಲಿದ್ದ ಹಣವನ್ನು ಕೊಟ್ಟು ಸರಕು ಒಯ್ದರೆ ರೋಖು. ಸುಗ್ಗಿಯಲ್ಲಿ ಹೆಸರೋ ಕಡಲೆಯೋ ಮಾರಿ ತೀರಿಸುತ್ತೇವೆಂದು ಬರೆಸಿ ಒಯ್ದರೆ ಉದ್ರಿ. ಈ ವಿಂಗಡಣೆಯಲ್ಲಿ ಸಂದೇಹಕ್ಕೆ ಆಸ್ಪದವಿರಲಿಲ್ಲ. ಉದ್ರಿಯಾದರೆ ಅಂಗಡಿಕಾರನು ಗಿರಾಕಿಯ ಎದುರಿನಲ್ಲಿಯೇ ಖಾತೆ ಪುಸ್ತಕವನ್ನು ತೆರೆದು ಹೆಸರು ಬರೆಯುತ್ತಿದ್ದನು. ಸಾಲ ಮಾಡಿದವನಿಗೆ ತಾನು ಸಾಲ ಮಾಡಿದೆನೆಂಬುದು ತಿಳಿಯದೆ ಹೋಗುವ ಸಂಭವವೇ ಇರಲಿಲ್ಲ. ಈಗ ಅದೇ ಅಂಗಡಿಯ ಗಲ್ಲೆಯ ಮೇಲೆ ಕಪ್ಪು ಬಿಳುಪು ಚೌಕಗಳ ಕ್ಯೂ.ಆರ್. ಸಂಕೇತವೊಂದು ನಿಂತಿದೆ. ಅದನ್ನು ಮೊಬೈಲಿನಿಂದ ಸ್ಕ್ಯಾನ್ ಮಾಡಿ ಹಣ ತೆರುವವನು ರೋಖು ಕೊಟ್ಟೆನೆಂದೇ ಎಣಿಸುತ್ತಾನೆ. ಕೆಲವೊಮ್ಮೆ ಅದು ಉದ್ರಿಯಾಗಿರುತ್ತದೆ. ಅಂಗಡಿಕಾರನಲ್ಲಿ ಅಲ್ಲ, ಕ್ರೆಡಿಟ್ ಕಾರ್ಡು ಕೊಟ್ಟ ಬ್ಯಾಂಕಿನಲ್ಲಿ. ಇದು ಹೇಗೆ ಸಂಭವಿಸುತ್ತದೆ, ಸಂಭವಿಸಿದುದನ್ನು ಯಾವ ಕುರುಹುಗಳಿಂದ ಗುರುತಿಸಬೇಕು, ಅದರ ಪರಿಣಾಮವೇನು ಎಂಬುದನ್ನು ನಾವು ಇಲ್ಲಿ ವಿಚಾರಿಸಹೊರಟಿದ್ದೇವೆ.

ಮೊದಲು ಹಿನ್ನೆಲೆಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಯು.ಪಿ.ಐ. ಎಂಬ ವ್ಯವಸ್ಥೆಯನ್ನು 2016ರಲ್ಲಿ ಆರಂಭಿಸಿತು. ಒಂದು ಬ್ಯಾಂಕಿನ ಖಾತೆಯಿಂದ ಇನ್ನೊಂದು ಬ್ಯಾಂಕಿನ ಖಾತೆಗೆ ಆ ಕ್ಷಣದಲ್ಲಿಯೇ ಹಣ ದಾಟಿಸುವುದು ಅದರ ಉದ್ದೇಶ. ಆರು ವರ್ಷಗಳ ತರುವಾಯ, 2022ರ ಜೂನ್ 8ರಂದು, ಕ್ರೆಡಿಟ್ ಕಾರ್ಡುಗಳನ್ನೂ ಈ ವ್ಯವಸ್ಥೆಗೆ ಜೋಡಿಸಲು ಅವಕಾಶ ಕೊಡುವುದಾಗಿ ರಿಸರ್ವ್ ಬ್ಯಾಂಕು ಸಾರಿತು; ಅದೇ ವರ್ಷದ ಸೆಪ್ಟೆಂಬರಿನಲ್ಲಿ ಅದು ಬಳಕೆಗೆ ಬಂದಿತು. ಈ ಅವಕಾಶವು ನಿಗಮದ್ದೇ ಆದ ರುಪೇ ಕಾರ್ಡುಗಳಿಂದ ಆರಂಭವಾಯಿತು. ಆದುದರಿಂದ ಮುಂದೆ ನಾವು ಕಾರ್ಡು ಎಂದಾಗಲೆಲ್ಲ ರುಪೇ ಕ್ರೆಡಿಟ್ ಕಾರ್ಡೆಂದೇ ತಿಳಿಯತಕ್ಕದ್ದು. 2022ಕ್ಕೆ ಮೊದಲು ಸ್ಕ್ಯಾನ್ ಮಾಡಿ ಹಣ ತೆರುವುದನ್ನು ರೂಢಿಸಿಕೊಂಡವರ ಮನಸ್ಸಿನಲ್ಲಿ "ಸ್ಕ್ಯಾನ್ ಎಂದರೆ ಬ್ಯಾಂಕಿನ ಖಾತೆ" ಎಂಬ ಸಮೀಕರಣವು ಗಟ್ಟಿಯಾಗಿ ನಿಂತುಬಿಟ್ಟಿತ್ತು. ಅವರು ರೂಢಿಸಿಕೊಂಡಾಗ ಅದು ನಿಜವೂ ಆಗಿತ್ತು. ನಿಯಮವು ಬದಲಾದರೂ ಕೈಯ ರೂಢಿ ಬದಲಾಗಲಿಲ್ಲ. ಗೊಂದಲದ ಬೇರು ಇಲ್ಲಿದೆ.

ಅಂಗಡಿಯಲ್ಲಿರುವ ಸಂಕೇತವು ಏನನ್ನು ಹೇಳುತ್ತದೆಂಬುದನ್ನು ಈಗ ನೋಡೋಣ. ಆ ಚೌಕಗಳ ಒಳಗೆ ಅಡಗಿರುವುದು ಒಂದು ಸಾಲು ಬರವಣಿಗೆ ಮಾತ್ರ. ಕಿರಾಣಿ ಅಂಗಡಿಯೊಂದರ ಸಂಕೇತವನ್ನು ಬಿಡಿಸಿ ಓದಿದರೆ ಸ್ಥೂಲವಾಗಿ ಹೀಗಿರುತ್ತದೆ:

```
upi://pay?pa=angadi@bank&pn=Kirani%20Angadi&mc=5411&cu=INR
```

ಇದರಲ್ಲಿ `pa` ಎಂಬುದು ಹಣವು ಹೋಗಿ ಸೇರಬೇಕಾದ ವಿಳಾಸ. `pn` ಎಂಬುದು ಪಡೆಯುವವನ ಹೆಸರು. `mc` ಎಂಬುದು ವ್ಯಾಪಾರದ ವರ್ಗವನ್ನು ಸೂಚಿಸುವ ಅಂಕೆ, 5411 ಎಂದರೆ ಕಿರಾಣಿ. `cu` ಎಂಬುದು ನಾಣ್ಯ. ಗಲ್ಲೆಯ ಮೇಲೆ ಸ್ಥಿರವಾಗಿ ನಿಲ್ಲಿಸಿದ ಸಂಕೇತದಲ್ಲಿ ಸಾಮಾನ್ಯವಾಗಿ ಮೊಬಲಗು ಕೂಡ ಇರುವುದಿಲ್ಲ. ಅದನ್ನು ಗಿರಾಕಿಯೇ ಬರೆಯುತ್ತಾನೆ. ಓದುಗರು ಗಮನಿಸಬೇಕಾದುದು ಇಲ್ಲಿ ಇಲ್ಲದಿರುವ ಸಂಗತಿಯನ್ನು. ಹಣವು ಎಲ್ಲಿಗೆ ಹೋಗಬೇಕೆಂಬುದನ್ನು ಈ ಸಾಲು ಹೇಳುತ್ತದೆ. ಎಲ್ಲಿಂದ ಹೊರಡಬೇಕೆಂಬುದನ್ನು ಹೇಳುವುದೇ ಇಲ್ಲ. ಹೇಳುವುದು ಸಾಧ್ಯವೂ ಅಲ್ಲ. ನಾಳೆ ಯಾವ ಗಿರಾಕಿ ಬರುವನೋ, ಅವನ ಖಾತೆ ಯಾವ ಬ್ಯಾಂಕಿನಲ್ಲಿದೆಯೋ ಸಂಕೇತವನ್ನು ಮುದ್ರಿಸಿದವನಿಗೆ ಹೇಗೆ ತಿಳಿಯಬೇಕು? ಹೀಗಿರಲು "ಆ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿದೆ, ನನ್ನ ಕಾರ್ಡಿಗೆ ಖರ್ಚು ಹಾಕಿದರು" ಎಂದು ಅಂಗಡಿಕಾರನನ್ನು ದೂರುವುದು ನ್ಯಾಯವಲ್ಲ. ಹಣದ ಮೂಲವನ್ನು ಗೊತ್ತುಪಡಿಸುವುದು ಗಿರಾಕಿಯ ಮೊಬೈಲಿನಲ್ಲಿರುವ ಅಪ್ಲಿಕೇಷನ್ನು, ಅದರೊಡನೆ ಗಿರಾಕಿಯ ಬೆರಳು.

ಅಪ್ಲಿಕೇಷನ್ನಿನೊಳಗೆ ಕಾರ್ಡು ಹೇಗೆ ಬಂದು ಸೇರಿತು? ಅದು ತಾನಾಗಿ ಬರುವುದಿಲ್ಲ. ಕಾರ್ಡನ್ನು ಸೇರಿಸಹೊರಟಾಗ ಅಪ್ಲಿಕೇಷನ್ನು ಮೊದಲು ಕಾರ್ಡು ಕೊಟ್ಟ ಬ್ಯಾಂಕಿನ ಹೆಸರನ್ನು ಕೇಳುತ್ತದೆ. ಆ ಬ್ಯಾಂಕಿನಲ್ಲಿ ಅದೇ ಮೊಬೈಲ್ ಸಂಖ್ಯೆಗೆ ನೋಂದಾಯಿತವಾದ ಕಾರ್ಡನ್ನು ಹುಡುಕಿ ತೋರಿಸುತ್ತದೆ. ತರುವಾಯ ಕಾರ್ಡಿನ ಕೊನೆಯ ಆರು ಅಂಕೆಗಳನ್ನೂ ಅದರ ಅವಧಿ ಮುಗಿಯುವ ತಿಂಗಳು ವರ್ಷಗಳನ್ನೂ ಬರೆಸಿಕೊಂಡು, ಮೊಬೈಲಿಗೆ ಬಂದ ಒಂದು ಬಾರಿಯ ಗುಪ್ತಸಂಖ್ಯೆಯಿಂದ ಖಚಿತಪಡಿಸಿಕೊಂಡು, ಕಾರ್ಡಿಗೆಂದೇ ಪ್ರತ್ಯೇಕವಾದ ಪಿನ್ನನ್ನು ಇಡಿಸಿಕೊಳ್ಳುತ್ತದೆ. ಇಷ್ಟಕ್ಕೆ ಎರಡು ನಿಮಿಷ ಸಾಕು. ಎರಡೇ ನಿಮಿಷದ ಕೆಲಸವಾದುದರಿಂದಲೇ ಅದು ಮರೆತುಹೋಗುತ್ತದೆ. ಹಬ್ಬದ ರಿಯಾಯಿತಿಗೆ ಆಸೆಪಟ್ಟು ಒಮ್ಮೆ ಜೋಡಿಸಿದವರು, ಅಥವಾ ಮನೆಯ ಹುಡುಗರ ಕೈಯಲ್ಲಿ ಮೊಬೈಲು ಕೊಟ್ಟು ಜೋಡಿಸಿಕೊಂಡವರು, ಆರು ತಿಂಗಳ ಮೇಲೆ ಅದನ್ನು ನೆನಪಿಟ್ಟಿರುವುದು ಅಪರೂಪ.

ಒಮ್ಮೆ ಜೋಡಿಸಿದ ಮೇಲೆ ಅಪ್ಲಿಕೇಷನ್ನಿನ ದೃಷ್ಟಿಯಲ್ಲಿ ಉಳಿತಾಯ ಖಾತೆಯೂ ಕಾರ್ಡೂ ಒಂದೇ ಪಂಕ್ತಿಯಲ್ಲಿ ಕುಳಿತ ಎರಡು ಮೂಲಗಳು. ಹಣ ತೆರುವ ಪುಟದ ಕೆಳಭಾಗದಲ್ಲಿ ಆ ಎರಡರಲ್ಲಿ ಒಂದು ಮೊದಲೇ ಆಯ್ಕೆಯಾಗಿ ನಿಂತಿರುತ್ತದೆ. ಯಾವುದು ನಿಲ್ಲಬೇಕೆಂಬುದರಲ್ಲಿ ಎಲ್ಲ ಅಪ್ಲಿಕೇಷನ್ನುಗಳಿಗೂ ಒಂದೇ ಪದ್ಧತಿಯಿಲ್ಲ. ಬಳಸುವವನು ಮುಖ್ಯ ಖಾತೆಯೆಂದು ಗೊತ್ತುಪಡಿಸಿದುದನ್ನು ಮುಂದಿಡುವವು ಕೆಲವು. ಹಿಂದಿನ ಸಲ ಬಳಸಿದುದನ್ನು ಮುಂದಿಡುವವು ಕೆಲವು. ಎರಡನೆಯ ಬಗೆಯಲ್ಲಿ ಒಂದೇ ಒಂದು ಸಲ ಬೇಕೆಂದೇ ಕಾರ್ಡನ್ನು ಆರಿಸಿದರೂ ಸಾಕು, ಮುಂದಿನ ಸಲ ಅದೇ ನಿಂತಿರುತ್ತದೆ.

ಇಲ್ಲಿ ಇನ್ನೊಂದು ತೊಡಕು ಬಂದು ಸೇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಜನರನ್ನು ಅತ್ಯಂತ ದಾರಿತಪ್ಪಿಸುವುದು ಇದೇ. ಕಾರ್ಡಿನಿಂದ ವ್ಯಾಪಾರಿಗೆ ಮಾತ್ರ ಹಣ ತೆರಬಹುದು. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸುವಂತಿಲ್ಲ. ಕಾರ್ಡು ಸಾಲದ ಸಾಧನವಾದುದರಿಂದ, ಸ್ನೇಹಿತನಿಗೆ ಕಳುಹಿಸಿದ ಹಾಗೆ ಮಾಡಿ ಅದರಿಂದ ನಗದು ತೆಗೆಯುವ ದಾರಿಯನ್ನು ಮುಚ್ಚುವುದು ಈ ನಿರ್ಬಂಧದ ಫಲ. ಸಂಕೇತವನ್ನು ಓದಿದ ಕೂಡಲೇ ಅಪ್ಲಿಕೇಷನ್ನು ಆ ವಿಳಾಸದ ಬ್ಯಾಂಕನ್ನು ವಿಚಾರಿಸಿ, ಅದು ವ್ಯಾಪಾರಿಯ ವಿಳಾಸವೋ ವ್ಯಕ್ತಿಯದೋ ಎಂಬುದನ್ನು ತಿಳಿದುಕೊಳ್ಳುತ್ತದೆ. ವ್ಯಕ್ತಿಯದಾದರೆ ಕಾರ್ಡನ್ನು ಬದಿಗಿಟ್ಟು ಉಳಿತಾಯ ಖಾತೆಯನ್ನೇ ಮುಂದಿಡುತ್ತದೆ, ಇಲ್ಲವೆ ಕಾರ್ಡು ಇಲ್ಲಿ ನಡೆಯದೆಂದು ತಿಳಿಸುತ್ತದೆ. ಇದರ ಫಲವನ್ನು ಊಹಿಸಿ. ರೈಲು ನಿಲ್ದಾಣದಿಂದ ಬಂದ ಆಟೋದವನು ತನ್ನ ಸ್ವಂತ ಹೆಸರಿನ ಸಂಕೇತವನ್ನು ತೋರಿಸಿದನು: ಹಣ ಉಳಿತಾಯ ಖಾತೆಯಿಂದ ಹೋಯಿತು. ತರಕಾರಿಯ ಅಜ್ಜಿ ಮಗನ ಹೆಸರಿನ ಸಂಕೇತವನ್ನು ತೋರಿಸಿದಳು: ಅದೂ ಉಳಿತಾಯ ಖಾತೆಯಿಂದಲೇ. ಅದೇ ದಿನ ಔಷಧದ ಅಂಗಡಿಯಲ್ಲಿ ವ್ಯಾಪಾರಿಯೆಂದು ನೋಂದಾಯಿತವಾದ ಸಂಕೇತವನ್ನು ಸ್ಕ್ಯಾನ್ ಮಾಡಲಾಗಿ ಹಣ ಕಾರ್ಡಿನಿಂದ ಹೋಯಿತು. ಮೂರು ಸಲವೂ ಗಿರಾಕಿ ಮಾಡಿದ ಕ್ರಿಯೆ ಒಂದೇ. ಮೊದಲ ಎರಡರ ಸಂದೇಶವನ್ನು ನೋಡಿ ಖಾತೆಯಿಂದಲೇ ಹೋಗುತ್ತಿದೆಯೆಂದು ನಿಶ್ಚಿಂತನಾದವನು ಮೂರನೆಯದನ್ನು ನೋಡುವ ಗೋಜಿಗೆ ಹೋಗುವುದಿಲ್ಲ.

ಪಿನ್ನು ಇದೆಯಲ್ಲ, ಅದು ತಡೆಯಬೇಕಿತ್ತಲ್ಲ ಎಂದು ಓದುಗರು ಕೇಳಬಹುದು. ಪ್ರಶ್ನೆಯು ಯುಕ್ತವಾದುದೇ. ಖಾತೆಗೆ ಒಂದು ಪಿನ್ನು, ಕಾರ್ಡಿಗೆ ಇನ್ನೊಂದು. ಪ್ರತಿಯೊಂದನ್ನೂ ಆಯಾ ಬ್ಯಾಂಕೇ ತಾಳೆ ನೋಡುತ್ತದೆ. ಕಾರ್ಡು ಆಯ್ಕೆಯಾಗಿರುವಾಗ ಖಾತೆಯ ಪಿನ್ನನ್ನು ಒತ್ತಿದರೆ ತಪ್ಪು ಪಿನ್ನೆಂಬ ಉತ್ತರ ಬಂದು ಸಂದಾಯ ನಿಂತುಹೋಗುತ್ತದೆ. ಇದು ಒಳ್ಳೆಯ ಕಾವಲು. ಆದರೆ ಮರೆಯಬಾರದೆಂದು ಬಹುಮಂದಿ ಎರಡಕ್ಕೂ ಒಂದೇ ಪಿನ್ನನ್ನು ಇಟ್ಟುಕೊಳ್ಳುತ್ತಾರೆ. ಆಗ ಕಾವಲುಗಾರನಿಗೆ ಮನೆಯವನಾರು ನೆರೆಯವನಾರು ಎಂಬ ಭೇದವೇ ತಿಳಿಯದಂತಾಗುತ್ತದೆ. ಎರಡು ಪಿನ್ನುಗಳು ಬೇರೆಬೇರೆಯಾಗಿರುವುದರಷ್ಟು ಅಗ್ಗದ, ಅಷ್ಟು ಖಚಿತವಾದ ರಕ್ಷಣೆ ಬೇರೊಂದಿಲ್ಲ.

ಪಿನ್ನನ್ನು ಒತ್ತುವ ಪುಟದ ಮೇಲ್ಭಾಗದಲ್ಲಿ ಹಣ ಯಾವ ಬ್ಯಾಂಕಿನಿಂದ ಹೊರಡುತ್ತಿದೆಯೆಂಬುದು ಕಾಣುತ್ತದೆ. ಖಾತೆ ಒಂದು ಬ್ಯಾಂಕಿನದು, ಕಾರ್ಡು ಮತ್ತೊಂದರದು ಆಗಿದ್ದರೆ ಆ ಹೆಸರನ್ನು ಓದಿದರೆ ಸಾಕು. ಎರಡೂ ಒಂದೇ ಬ್ಯಾಂಕಿನವಾದರೆ ಹೆಸರಿನಿಂದ ಪ್ರಯೋಜನವಿಲ್ಲ, ಕೊನೆಯ ನಾಲ್ಕು ಅಂಕೆಗಳನ್ನು ನೋಡಬೇಕು. ಖಾತೆಯಿರುವ ಬ್ಯಾಂಕೇ ಕಾರ್ಡನ್ನೂ ಕೊಡುವುದು ಸಾಮಾನ್ಯವಾದುದರಿಂದ ಈ ಎರಡನೆಯ ಸ್ಥಿತಿಯೂ ಅಪರೂಪವಲ್ಲ.

ಪಿನ್ನು ಸರಿಯಾದ ಮೇಲೆ ನಡೆಯುವುದು ಎರಡು ದಾರಿಗಳಲ್ಲಿ ಬೇರೆಬೇರೆ. ಖಾತೆಯಿಂದಾದರೆ ನಿಗಮದ ಯಂತ್ರವ್ಯವಸ್ಥೆಯು ಗಿರಾಕಿಯ ಬ್ಯಾಂಕಿಗೆ "ಇಷ್ಟು ಕಳೆ" ಎಂದು ಹೇಳಿ, ಅಂಗಡಿಕಾರನ ಬ್ಯಾಂಕಿಗೆ "ಇಷ್ಟು ಕೂಡಿಸು" ಎಂದು ಹೇಳುತ್ತದೆ; ಗಿರಾಕಿಯ ಶಿಲ್ಕು ಆ ಕ್ಷಣದಲ್ಲಿಯೇ ಇಳಿಯುತ್ತದೆ. ಕಾರ್ಡಿನಿಂದಾದರೆ ಕಾರ್ಡು ಕೊಟ್ಟ ಬ್ಯಾಂಕು ಉದ್ರಿಯ ಮಿತಿಯಲ್ಲಿ ಅಷ್ಟು ಮೊಬಲಗು ಉಳಿದಿದೆಯೇ ಎಂದು ನೋಡಿ ಒಪ್ಪಿಗೆ ಕೊಡುತ್ತದೆ, ಗಿರಾಕಿಯ ಹೆಸರಿನಲ್ಲಿ ಸಾಲ ಬರೆದುಕೊಳ್ಳುತ್ತದೆ, ಅಂಗಡಿಕಾರನಿಗೆ ಸಲ್ಲುವುದು ಆ ಬ್ಯಾಂಕಿನ ಹಣ. ಅಂಗಡಿಯ ಗಲ್ಲೆಯ ಮೇಲಿನ ಪೆಟ್ಟಿಗೆಯು ಎರಡು ಸಂದರ್ಭಗಳಲ್ಲಿಯೂ "ಇಷ್ಟು ರೂಪಾಯಿ ಬಂದಿತು" ಎಂದೇ ಕೂಗುತ್ತದೆ. ಆ ಕೂಗನ್ನು ಕೇಳಿ ಮೂಲವನ್ನು ತಿಳಿಯುವಂತಿಲ್ಲ.

ಅಂಗಡಿಕಾರನಿಗೆ ಮಾತ್ರ ಒಂದು ವ್ಯತ್ಯಾಸವುಂಟು. ಖಾತೆಯಿಂದ ಬಂದ ಯು.ಪಿ.ಐ. ಹಣಕ್ಕೆ 2020ರ ಜನವರಿಯಿಂದ ವ್ಯಾಪಾರಿಯ ಮೇಲೆ ಶುಲ್ಕವಿಲ್ಲ. ಕಾರ್ಡಿನಿಂದ ಬಂದುದಕ್ಕೆ ಶುಲ್ಕವುಂಟು. ಆದರೆ ಸಣ್ಣ ವ್ಯಾಪಾರಿಗಳಿಗೆ 2,000 ರೂಪಾಯಿಗಳವರೆಗಿನ ಸಂದಾಯದಲ್ಲಿ ಅದನ್ನು ಬಿಟ್ಟುಕೊಟ್ಟಿದ್ದಾರೆ. ಇದರಿಂದಾಗಿ ದೊಡ್ಡ ಮೊಬಲಗಿಗೆ "ಕಾರ್ಡು ಬೇಡ, ಖಾತೆಯಿಂದ ಹಾಕಿ" ಎಂದು ಅಂಗಡಿಕಾರನೇ ಹೇಳಬಹುದು. ಆ ಮಾತಿನಿಂದ ಗಿರಾಕಿ ಎಚ್ಚರಗೊಳ್ಳುವ ಸಂಭವವೂ ಉಂಟು. ಸಣ್ಣ ಮೊಬಲಗಿನಲ್ಲಿ ಹೀಗೆ ಎಚ್ಚರಿಸುವವರು ಯಾರೂ ಇಲ್ಲ.

ಈಗ ಒಂದು ಉದಾಹರಣೆಯನ್ನು ಲೆಕ್ಕಹಾಕಿ ನೋಡೋಣ. ಅಣ್ಣಿಗೇರಿಯ ಒಬ್ಬ ಒಕ್ಕಲಿಗ ಗೃಹಸ್ಥರು 2025ರ ಜೂನ್ 5ರಂದು, ಹೆಸರು ಬಿತ್ತುವ ಗಡಿಬಿಡಿಯಲ್ಲಿ, ತಿಂಗಳ ಕಿರಾಣಿಗೆಂದು 1,840 ರೂಪಾಯಿಗಳನ್ನು ಸ್ಕ್ಯಾನ್ ಮಾಡಿ ತೆತ್ತರೆಂದು ಇಟ್ಟುಕೊಳ್ಳೋಣ. ಹಣವು ಕಾರ್ಡಿನಿಂದ ಹೋಯಿತು. ಅವರ ಕಾರ್ಡಿನ ಲೆಕ್ಕಪಟ್ಟಿ ಪ್ರತಿ ತಿಂಗಳ 20ರಂದು ಸಿದ್ಧವಾಗುತ್ತದೆ. ಹಣ ಕಟ್ಟಲು ಮುಂದಿನ ತಿಂಗಳ 10ರವರೆಗೆ ಗಡುವು. ಬಡ್ಡಿ ತಿಂಗಳಿಗೆ ಶೇಕಡಾ 3.5, ಎಂದರೆ ವರ್ಷಕ್ಕೆ ಶೇಕಡಾ 42. ಗಡುವು ತಪ್ಪಿದ ಶುಲ್ಕ 500 ರೂಪಾಯಿ. ಬಡ್ಡಿಯ ಮೇಲೂ ಶುಲ್ಕದ ಮೇಲೂ ಶೇಕಡಾ 18 ಜಿ.ಎಸ್.ಟಿ. ಈ ದರಗಳು ಕಾರ್ಡಿನಿಂದ ಕಾರ್ಡಿಗೆ ಬೇರೆಯಾಗುತ್ತವೆ. ಲೆಕ್ಕಕ್ಕಾಗಿ ನಾವು ಇವನ್ನು ಹಿಡಿದಿದ್ದೇವೆ.

ಹಿಂದಿನ ಬಾಕಿಯಿಲ್ಲದ ಪಕ್ಷದಲ್ಲಿ, ಗೃಹಸ್ಥರು ಜುಲೈ 10ರೊಳಗೆ 1,840 ರೂಪಾಯಿಗಳನ್ನು ಪೂರ್ತಿ ಕಟ್ಟಿದರೆ ಅಲ್ಲಿಗೆ ಮುಗಿಯಿತು. ಮೂವತ್ತೈದು ದಿನ ಬಡ್ಡಿಯಿಲ್ಲದೆ ಬ್ಯಾಂಕಿನ ಹಣವನ್ನು ಬಳಸಿದಂತಾಯಿತು. ನಷ್ಟವೇನೂ ಇಲ್ಲ, ಲಾಭವೆಂದೇ ಹೇಳಬೇಕು. ಆದರೆ ಸಾಲವಿದೆಯೆಂಬುದೇ ತಿಳಿಯದವರು ಕಟ್ಟುವುದೆಂತು? ಗಡುವು ತಪ್ಪಿದ ಕೂಡಲೇ ಬಡ್ಡಿಯು ಜುಲೈ 10ರಿಂದಲ್ಲ, ಖರೀದಿಯ ದಿನವಾದ ಜೂನ್ 5ರಿಂದಲೇ ನಡೆಯತೊಡಗುತ್ತದೆ. ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗಳೂ ಅನೇಕ ವೇಳೆ ಇಲ್ಲಿ ಎಡವುತ್ತಾರೆ. ದಿನವೊಂದಕ್ಕೆ ಬಡ್ಡಿ 2 ರೂಪಾಯಿ 12 ಪೈಸೆಯ ಸುಮಾರು. ಜುಲೈ 20ರ ಲೆಕ್ಕಪಟ್ಟಿಯವರೆಗೆ 45 ದಿನಗಳಿಗೆ ಬಡ್ಡಿ 95.28 ರೂಪಾಯಿ, ಅದರ ಮೇಲೆ ತೆರಿಗೆ 17.15, ಗಡುವಿನ ಶುಲ್ಕ 500, ಅದರ ಮೇಲೆ ತೆರಿಗೆ 90. ಒಟ್ಟು ಬಾಕಿ 2,542.43 ರೂಪಾಯಿ. ಹೆಚ್ಚಾಗಿ ತೆರಬೇಕಾಗಿ ಬಂದ 702.43 ರೂಪಾಯಿಗಳಲ್ಲಿ ಬಡ್ಡಿಯ ಪಾಲು ಅಲ್ಪ, ಶುಲ್ಕದ ಪಾಲೇ ಹಿರಿದು ಎಂಬುದು ಸಣ್ಣ ಖರೀದಿಗಳ ವಿಷಯದಲ್ಲಿ ವಿಶೇಷವಾಗಿ ಗಮನಾರ್ಹ.

ಇಷ್ಟರಲ್ಲಿಯೇ ನಿಲ್ಲುವುದಿಲ್ಲ. ಹಿಂದಿನ ಬಾಕಿ ಉಳಿದಿರುವ ತನಕ ಹೊಸ ಖರೀದಿಗಳಿಗೆ ಬಡ್ಡಿರಹಿತ ಅವಧಿಯ ಸೌಲಭ್ಯವು ಸಿಗುವುದಿಲ್ಲ. ಗೃಹಸ್ಥರ ಮೊಬೈಲಿನಲ್ಲಿ ಕಾರ್ಡೇ ಆಯ್ಕೆಯಾಗಿ ನಿಂತಿರುವುದರಿಂದ ಜುಲೈ, ಆಗಸ್ಟ್ ತಿಂಗಳ ಪ್ರತಿಯೊಂದು ಸ್ಕ್ಯಾನಿಗೂ ಅದು ನಡೆದ ದಿನದಿಂದಲೇ ಬಡ್ಡಿ ಬೀಳುತ್ತದೆ. ಮತ್ತೊಂದು ಪರಿಣಾಮವು ಹಣದ ಲೆಕ್ಕಕ್ಕೆ ಸಿಗುವಂತಹದಲ್ಲ. ರಿಸರ್ವ್ ಬ್ಯಾಂಕಿನ 2022ರ ನಿರ್ದೇಶನದ ಮೇರೆಗೆ, ಗಡುವು ದಾಟಿ ಮೂರು ದಿನಗಳಿಗಿಂತ ಹೆಚ್ಚಾದ ಮೇಲೆಯೇ ಬ್ಯಾಂಕು ಗಡುವಿನ ಶುಲ್ಕವನ್ನು ವಿಧಿಸಬಹುದು, ಸಾಲದ ಇತಿಹಾಸವನ್ನು ಇಡುವ ಸಂಸ್ಥೆಗಳಿಗೆ ಬಾಕಿದಾರನೆಂದು ತಿಳಿಸಬಹುದು. ಆ ಮೂರು ದಿನ ಕಳೆದುವೆಂದರೆ ಕಿರಾಣಿಯ ಒಂದು ಬಾಕಿಯು ಆ ಇತಿಹಾಸದಲ್ಲಿ ನಮೂದಾಗುತ್ತದೆ. ಮುಂದೆ ಟ್ರ್ಯಾಕ್ಟರಿಗೋ ಮನೆಗೋ ಸಾಲ ಕೇಳಲು ಹೋದಾಗ ಬ್ಯಾಂಕಿನವರು ತೆರೆದು ನೋಡುವುದು ಅದನ್ನೇ.

ಇಂತಹ ಸಂದರ್ಭದಲ್ಲಿ ಬ್ಯಾಂಕುಗಳು ಸಂದೇಶ ಕಳುಹಿಸಲಿಲ್ಲವೇ? ಕಳುಹಿಸಿರುತ್ತವೆ, ಇಂಗ್ಲಿಷಿನಲ್ಲಿ. ಒಕ್ಕಣೆ ಬ್ಯಾಂಕಿನಿಂದ ಬ್ಯಾಂಕಿಗೆ ಬೇರೆಯಾದರೂ, ಖಾತೆಯಿಂದ ಹೋದಾಗ `A/c` ಮತ್ತು `debited` ಎಂಬ ಮಾತುಗಳೂ, ಕಾರ್ಡಿನಿಂದ ಹೋದಾಗ `Credit Card` ಮತ್ತು `spent` ಎಂಬಂತಹ ಮಾತುಗಳೂ ಬರುವುದು ವಾಡಿಕೆ. ಎರಡರಲ್ಲಿಯೂ `UPI` ಎಂಬ ಅಕ್ಷರಗಳಿರುವುದರಿಂದ ಅಷ್ಟನ್ನೇ ಓದಿದವರು ಮೋಸಹೋಗುತ್ತಾರೆ. ಕಾರ್ಡಿನ ಲೆಕ್ಕಪಟ್ಟಿಯೋ ಯಾರೂ ತೆರೆಯದ ಇ-ಮೇಲಿಗೆ ಹೋಗಿ ಬೀಳುತ್ತದೆ. ಇಂಗ್ಲಿಷು ಬಾರದವರಿಗೂ ದೊರೆಯುವ ಕುರುಹು ಬೇರೊಂದಿದೆ. ಪಾಸ್‌ಬುಕ್ಕನ್ನು ಬ್ಯಾಂಕಿನಲ್ಲಿ ಮುದ್ರಿಸಿಕೊಂಡು ಬಂದು ಕಿರಾಣಿಯ ಚೀಟಿಗಳೊಡನೆ ತಾಳೆನೋಡಿದರೆ, ಕಾರ್ಡಿನಿಂದ ಹೋದ ಮೊಬಲಗಿನ ಸಾಲು ಅಲ್ಲಿ ಇರುವುದೇ ಇಲ್ಲ. ಖರ್ಚು ಮಾಡಿದ್ದೇವೆ, ಶಿಲ್ಕು ಇಳಿದಿಲ್ಲ ಎಂದರೆ ಬೇರೆ ಯಾರದೋ ಹಣ ಹೋಗಿದೆ ಎಂದರ್ಥ. ಶಿಲ್ಕು ಕಡಿಮೆಯಾದಾಗ ಗಾಬರಿಗೊಂಡು ವಿಚಾರಿಸುವ ನಾವು, ಅದು ಕಡಿಮೆಯಾಗದಿದ್ದಾಗ ವಿಚಾರಿಸುವುದನ್ನು ಕಲಿತಿಲ್ಲ.

ಹೀಗೆ ಆದುದನ್ನು ಕಂಡುಕೊಂಡವರು ಮೊದಲು ಮಾಡುವುದು ದೂರು ಕೊಡುವುದು. ಅದರಿಂದ ಫಲವಿಲ್ಲ. ಒಪ್ಪಿಗೆಯಿಲ್ಲದೆ ಹಣ ಕಳೆದುಹೋದಾಗ ಗಿರಾಕಿಯನ್ನು ರಕ್ಷಿಸುವ ನಿಯಮಗಳಿವೆ. ಹಣ ಕಳೆದು ಸಾಮಾನು ಸಿಗದಿದ್ದಾಗಲೂ ದಾರಿಗಳಿವೆ. ಇಲ್ಲಿ ಅವೆರಡೂ ಆಗಿಲ್ಲ. ಪಿನ್ನನ್ನು ಗಿರಾಕಿಯೇ ಒತ್ತಿದ್ದಾನೆ, ಹಣ ಸೇರಬೇಕಾದವನಿಗೇ ಸೇರಿದೆ, ಸರಕು ಮನೆಗೆ ಬಂದಿದೆ. ಪಿನ್ನನ್ನು ಒತ್ತಿದ ಮೇಲೆ ಮೂಲವನ್ನು ಕಾರ್ಡಿನಿಂದ ಖಾತೆಗೆ ಬದಲಾಯಿಸುವ ಉಪಾಯವೂ ಇಲ್ಲ. ಅಂಗಡಿಕಾರನು ಹಣವನ್ನು ಮರಳಿಸಲು ಒಪ್ಪಿದರೆ ಅದು ಬಂದ ದಾರಿಯಲ್ಲಿಯೇ ಹಿಂದಿರುಗಿ ಕಾರ್ಡಿಗೆ ಜಮೆಯಾಗುತ್ತದೆ, ತರುವಾಯ ಖಾತೆಯಿಂದ ಹೊಸದಾಗಿ ತೆರಬಹುದು. ಆದರೆ ಹಣವನ್ನು ಅಂಗಡಿಕಾರನು ತನ್ನ ಮೊಬೈಲಿನಿಂದ ಗಿರಾಕಿಯ ಖಾತೆಗೆ ನೇರವಾಗಿ ಕಳುಹಿಸಿದರೆ ಕಾರ್ಡಿನ ಸಾಲ ಹಾಗೆಯೇ ಉಳಿಯುತ್ತದೆಂಬುದನ್ನು ಮರೆಯಬಾರದು. ಇಷ್ಟೆಲ್ಲಾ ಸುತ್ತಾಟಕ್ಕಿಂತ, ಕಂಡ ದಿನವೇ ಅದೇ ಅಪ್ಲಿಕೇಷನ್ನಿನಿಂದಾಗಲಿ ಬ್ಯಾಂಕಿನಲ್ಲಾಗಲಿ ಆ ಮೊಬಲಗನ್ನು ಕಾರ್ಡಿನ ಲೆಕ್ಕಕ್ಕೆ ಕಟ್ಟಿಬಿಡುವುದು ಸುಲಭ. ಲೆಕ್ಕಪಟ್ಟಿ ಬರುವವರೆಗೆ ಕಾಯಬೇಕೆಂಬ ನಿಯಮವಿಲ್ಲ.

ಕಾರ್ಡೇ ಬೇಡವೆನ್ನುವವರು ಎರಡು ಕ್ರಿಯೆಗಳನ್ನು ಒಂದರೊಡನೊಂದು ಬೆರೆಸಬಾರದು. ಅಪ್ಲಿಕೇಷನ್ನಿನ ಖಾತೆಗಳ ಪಟ್ಟಿಯಿಂದ ಕಾರ್ಡನ್ನು ತೆಗೆದುಹಾಕಿದರೆ ಮುಂದಿನ ಸ್ಕ್ಯಾನುಗಳು ಅದರ ಮೇಲೆ ಬೀಳುವುದು ನಿಲ್ಲುತ್ತದೆ, ಅಷ್ಟೆ. ಕಾರ್ಡು ಜೀವಂತವಾಗಿಯೇ ಇರುತ್ತದೆ, ಹಿಂದಿನ ಬಾಕಿಯೂ ವಾರ್ಷಿಕ ಶುಲ್ಕವಿದ್ದರೆ ಅದೂ ನಡೆದೇ ಇರುತ್ತವೆ. ಕಾರ್ಡನ್ನು ಮುಚ್ಚಿಸಲು ಅದನ್ನು ಕೊಟ್ಟ ಬ್ಯಾಂಕಿಗೇ ಬೇರೆಯಾಗಿ ಕೇಳಿಕೊಳ್ಳಬೇಕು. ಬಾಕಿಯನ್ನೆಲ್ಲ ತೀರಿಸಿದ್ದ ಪಕ್ಷದಲ್ಲಿ, ಕೇಳಿದ ಏಳು ಕೆಲಸದ ದಿನಗಳೊಳಗಾಗಿ ಬ್ಯಾಂಕು ಅದನ್ನು ಮುಚ್ಚತಕ್ಕದ್ದು. ತಡಮಾಡಿದರೆ ದಿನಕ್ಕೆ 500 ರೂಪಾಯಿಯಂತೆ ಬ್ಯಾಂಕೇ ಗಿರಾಕಿಗೆ ದಂಡ ತೆರತಕ್ಕದ್ದೆಂದು ಮೇಲೆ ಹೇಳಿದ ನಿರ್ದೇಶನದಲ್ಲಿಯೇ ವಿಧಿಸಲಾಗಿದೆ.